ಪದರ ಹಿಡಿದರೆ ಕೊಕ್ಕೆ ನಿಲ್ಲುತ್ತದೆ

ಮಕ್ಕಳೇ, ವಿಜ್ಞಾನ ಮೇಳದಲ್ಲಿ ನಿಮ್ಮ ಮೇಜಿನ ಮುಂದೆ ಒಬ್ಬರು ನಿಲ್ಲುವುದು ಹೆಚ್ಚೆಂದರೆ ಐದು ನಿಮಿಷ. ಹಿಂದಿನಿಂದ ತಳ್ಳುವವರಿರುತ್ತಾರೆ, ಮೈಕಿನಲ್ಲಿ ಯಾರೋ ಕೂಗುತ್ತಿರುತ್ತಾರೆ, ಪಕ್ಕದ ಮೇಜಿನ ಜ್ವಾಲಾಮುಖಿ ಹೊಗೆ ಬಿಡುತ್ತಿರುತ್ತದೆ. ಅಷ್ಟರಲ್ಲಿ ತ್ರಿಡಿ ಪ್ರಿಂಟರ್ ವಸ್ತುವನ್ನು ಹೇಗೆ ಕಟ್ಟುತ್ತದೆಂದು ಅವರ ತಲೆಗೆ ಹೋಗಬೇಕು. ನಿಮ್ಮ ಭಾಷಣದ ಕಾಗದ ನೋಡಿದೆ. ಮೊದಲ ಎರಡು ಪುಟ ಪೂರ್ತಿ ರಾಕೆಟ್, ಕೃತಕ ಅಂಗಾಂಗ, ಚಂದ್ರನ ಮೇಲೆ ಮನೆ. ಅದನ್ನೆಲ್ಲ ಬದಿಗಿಡಿ. ಒಂದು ಕೊಕ್ಕೆ ಸಾಕು. ಗೋಡೆಗೆ ಮೊಳೆ ಹೊಡೆದು ನೇತುಹಾಕುವಂಥ, ಇಂಗ್ಲಿಷಿನ ಜೆ ಅಕ್ಷರದ ಆಕಾರದ ಕೊಕ್ಕೆ. ಅದನ್ನೇ ಎರಡು ರೀತಿಯಲ್ಲಿ ಪ್ರಿಂಟ್ ಮಾಡಿ ತನ್ನಿ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ. ಎರಡಕ್ಕೂ ಮರಳು ತುಂಬಿದ ಬಕೆಟ್ ತೂಗುಹಾಕಿ. ಒಂದು ಮುರಿಯುವ ಹೊತ್ತಿಗೆ ಇನ್ನೊಂದು ಹಿಡಿದುಕೊಂಡಿರುತ್ತದೆ. ಯಾಕೆ ಅಂತ ಹೇಳಿದರೆ ಈ ಯಂತ್ರದ ಗುಟ್ಟು ಅರ್ಧಕ್ಕರ್ಧ ಹೇಳಿದ ಹಾಗೆ.

ನಾನು ಸದಾಶಿವನಗರದ ಮನೆಯಲ್ಲಿ ಕೂತು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು ನಾನು. ಅಲ್ಲಿ ನಮ್ಮ ಕೆಲಸವೆಲ್ಲ ಕೊರೆಯುವುದು, ತಿರುಗಿಸುವುದು, ಉಜ್ಜುವುದು. ಲೋಹದ ಕಡ್ಡಿ ತಂದು ಬೇಡದ್ದನ್ನು ತೆಗೆಯುತ್ತಾ ಹೋಗುವುದು. ಸಂಜೆಗೆ ಯಂತ್ರದ ಕೆಳಗೆ ಸಿಕ್ಕುಸಿಕ್ಕಾದ ತುರಿ ರಾಶಿ ಬಿದ್ದಿರುತ್ತಿತ್ತು. ಈ ಪ್ರಿಂಟರ್ ಅದಕ್ಕೆ ಪೂರ್ತಿ ತದ್ವಿರುದ್ಧ. ಏನೂ ಇಲ್ಲದ ಜಾಗದಿಂದ ಶುರು ಮಾಡಿ ಬೇಕಾದಷ್ಟನ್ನೇ ಇಡುತ್ತಾ ಬರುತ್ತದೆ. ಆದರೆ ಕಡ್ಡಿಯಿಂದ ಕೊರೆದ ಕೊಕ್ಕೆ ಒಳಗೆಲ್ಲ ಒಂದೇ ಲೋಹ. ಪ್ರಿಂಟರಿನ ಕೊಕ್ಕೆಯಲ್ಲಿ ನೂರಾರು ಬೆಸುಗೆ. ವ್ಯತ್ಯಾಸ ಬರುವುದೇ ಅಲ್ಲಿ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ಹೇಳಿ. ನಿಮ್ಮ ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿರುವಂಥ ಪ್ರಿಂಟರಿಗೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಎಳೆ ಬೇಕು, ಅದಕ್ಕೆ ಫಿಲಮೆಂಟ್ ಅನ್ನುತ್ತಾರೆ. ದಪ್ಪ 1.75 ಮಿಲಿಮೀಟರ್. ಹಲ್ಲಿನ ಚಕ್ರವೊಂದು ಆ ಎಳೆಯನ್ನು ಕಚ್ಚಿ ಹಿಡಿದು ಕೆಳಕ್ಕೆ ದಬ್ಬುತ್ತದೆ. ಕೆಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಹಿತ್ತಾಳೆ ನಾಜಲ್ ಇದೆ. ಅದರ ತೂತು 0.4 ಮಿಲಿಮೀಟರ್. ಕರಗಿದ ಪ್ಲಾಸ್ಟಿಕ್ ಅಲ್ಲಿಂದ ಸಣ್ಣ ಗೆರೆಯಾಗಿ ಇಳಿಯುತ್ತದೆ. ನಿಮ್ಮ ಮುಂದೆ ನಿಂತಿರುವ ಅಜ್ಜಿಗೆ ಚಕ್ಕುಲಿ ಒರಳು ಅಂದರೆ ಸಾಕು, ತಕ್ಷಣ ಅರ್ಥವಾಗುತ್ತದೆ: ಮೇಲಿಂದ ಒತ್ತಿದರೆ ಕೆಳಗಿನ ತೂತಿನಿಂದ ಎಳೆ ಬರುತ್ತದೆ, ಕೈ ಆಡಿಸಿದ ಹಾಗೆ ಆಕಾರ. ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಡಿ. ಚಕ್ಕುಲಿಯ ಸುತ್ತುಗಳು ಒಂದಕ್ಕೊಂದು ತಾಗಿರುತ್ತವೆ ಅಷ್ಟೇ. ಇಲ್ಲಿ ಗೆರೆ ಪಕ್ಕದ ಗೆರೆಗೂ ಕೆಳಗಿನ ಗೆರೆಗೂ ಕರಗಿ ಅಂಟಿಕೊಳ್ಳಬೇಕು.

ಈಗ ಲೆಕ್ಕ. ಲೆಕ್ಕ ಹೇಳಿದರೆ ಜನ ಓಡಿಹೋಗುತ್ತಾರೆ ಅಂತ ಹೆದರಬೇಡಿ. ಕೈಯಲ್ಲಿ ವಸ್ತು ಹಿಡಿದು ಹೇಳುವ ಲೆಕ್ಕವನ್ನು ನಮ್ಮ ಜನ ಚೆನ್ನಾಗಿ ಕೇಳುತ್ತಾರೆ. ನಮ್ಮ ಕೊಕ್ಕೆ 60 ಮಿಲಿಮೀಟರ್ ಉದ್ದ, ಅಂದರೆ ಬೆರಳುದ್ದ. ಪಟ್ಟಿಯ ಅಗಲ 10 ಮಿಲಿಮೀಟರ್, ದಪ್ಪ 5. ಬಾಗಿದ್ದನ್ನು ಬಿಚ್ಚಿ ನೇರ ಮಾಡಿದರೆ ಪಟ್ಟಿ ಸುಮಾರು 80 ಮಿಲಿಮೀಟರ್ ಉದ್ದ ಬರುತ್ತದೆ. ಹಾಗಾದರೆ 80, 10, 5 ಗುಣಿಸಿ: 4000 ಘನ ಮಿಲಿಮೀಟರ್, ಅಂದರೆ 4 ಘನ ಸೆಂಟಿಮೀಟರ್. ನಾವು ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಒಂದು ಘನ ಸೆಂಟಿಮೀಟರಿಗೆ 1.24 ಗ್ರಾಂ ತೂಗುತ್ತದೆ. ಕೊಕ್ಕೆಯ ತೂಕ 5 ಗ್ರಾಂ. ಕಿಲೋಗೆ ಸಾವಿರ ರೂಪಾಯಿ ಹಿಡಿದರೆ ಐದು ರೂಪಾಯಿಯ ಮಾಲು.

ಒಂದು ಪದರದ ಎತ್ತರವನ್ನು 0.2 ಮಿಲಿಮೀಟರ್ ಇಟ್ಟುಕೊಳ್ಳಿ. ಗೆರೆಯ ಅಗಲ 0.4, ಎತ್ತರ 0.2. ಇಷ್ಟು ಸಣ್ಣ ಗೆರೆಯಲ್ಲಿ 4000 ಘನ ಮಿಲಿಮೀಟರ್ ತುಂಬಬೇಕಾದರೆ ಒಟ್ಟು 50 ಮೀಟರ್ ಗೆರೆ ಎಳೆಯಬೇಕು. ಬೆರಳುದ್ದದ ಕೊಕ್ಕೆಯೊಳಗೆ 50 ಮೀಟರ್! ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಒಂದು ದಾರದ ಉಂಡೆಯಿಂದ 50 ಮೀಟರ್ ಅಳೆದು ಸುತ್ತಿ ಮೇಜಿನ ಮೇಲೆ ಇಡಿ. ಅಷ್ಟು ಗೆರೆಗೆ ತಿನ್ನುವ ಫಿಲಮೆಂಟ್ ಮಾತ್ರ ಒಂದು ಮೀಟರ್ 66 ಸೆಂಟಿಮೀಟರ್. ದಪ್ಪ ಎಳೆ ಒಂದು ಮಿಲಿಮೀಟರ್ ಒಳಗೆ ಹೋದರೆ ಸಣ್ಣ ಗೆರೆ 30 ಮಿಲಿಮೀಟರ್ ಹೊರಗೆ ಬರುತ್ತದೆ. ಅದನ್ನೂ ಕತ್ತರಿಸಿ ದಾರದ ಪಕ್ಕದಲ್ಲಿ ಇಡಿ.

ಈ 50 ಮೀಟರ್ ಎಲ್ಲೆಲ್ಲಿ ಓಡಬೇಕು ಅಂತ ತೀರ್ಮಾನ ಮಾಡುವುದು ಸ್ಲೈಸರ್ ಎಂಬ ಕಂಪ್ಯೂಟರ್ ತಂತ್ರಾಂಶ. ನೀವು ಬರೆದ ಕೊಕ್ಕೆಯ ಚಿತ್ರವನ್ನು ಅದು 0.2 ಮಿಲಿಮೀಟರಿಗೊಂದರಂತೆ ಅಡ್ಡಡ್ಡ ಸೀಳುತ್ತದೆ. ಪ್ರತಿ ಸೀಳಿನ ಅಂಚಿಗೆ ಮೊದಲು ಗೋಡೆಯಂತೆ ಎರಡು ಮೂರು ಸುತ್ತು, ಆಮೇಲೆ ಒಳಗೆ ಓರೆ ಗೆರೆಗಳ ಭರ್ತಿ. ಒಂದು ಪದರದಲ್ಲಿ ಗೆರೆ ಬಲಕ್ಕೆ ಓರೆಯಾದರೆ ಅದರ ಮೇಲಿನದ್ದರಲ್ಲಿ ಎಡಕ್ಕೆ. ಅಂಗಡಿಯಲ್ಲಿ ಸಿಗುವ ಪ್ರಿಂಟ್ ಮಾಡಿದ ಬೊಂಬೆಗಳು ಹಗುರ ಇರುವುದು ಯಾಕೆಂದರೆ ಒಳಗೆ ಪೂರ್ತಿ ಭರ್ತಿ ಇಲ್ಲ. ಬರೀ ಜಾಲರಿ ಹಾಕಿ ಬಿಟ್ಟಿರುತ್ತಾರೆ. ಬೊಂಬೆಗೆ ಅದು ಸಾಕು. ಭಾರ ಹೊರುವ ಕೊಕ್ಕೆಗೆ ಭರ್ತಿ ನೂರಕ್ಕೆ ನೂರು ಇಡಿ. ಕೊನೆಗೆ ಈ ಓಡಾಟವೆಲ್ಲ ಯಂತ್ರಕ್ಕೆ ಸಾಲುಸಾಲಾದ ಅಪ್ಪಣೆಯಾಗಿ ಹೋಗುತ್ತದೆ. ಅದನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ:

```
M190 S60
M109 S200
G28
M83
G1 Z0.2 F600
G1 X40 Y50 F3000
G1 X70 Y50 E1.0 F1200
```

ಮೊದಲ ಸಾಲು: ಬೆಡ್, ಅಂದರೆ ಕೆಳಗಿನ ತಟ್ಟೆ, 60 ಡಿಗ್ರಿಗೆ ಕಾಯುವ ತನಕ ತಡೆ. ಎರಡನೆಯದು: ನಾಜಲ್ 200 ಡಿಗ್ರಿ ಆಗುವ ತನಕ ತಡೆ. `G28` ಅಂದರೆ ಮೂರೂ ದಿಕ್ಕಿನಲ್ಲಿ ಮೂಲೆಗೆ ಹೋಗಿ ನಿನ್ನ ಸೊನ್ನೆಯನ್ನು ಗುರುತಿಸಿಕೋ. `M83` ಅಂದರೆ ಎಳೆಯ ಲೆಕ್ಕವನ್ನು ಪ್ರತಿ ಸಾಲಿಗೂ ಹೊಸದಾಗಿ ಹಿಡಿ. ಆಮೇಲೆ 0.2 ಮಿಲಿಮೀಟರ್ ಎತ್ತರದಲ್ಲಿ ನಿಲ್ಲು, ಎಡದಿಂದ 40, ಮುಂದಿನಿಂದ 50ರ ಬಿಂದುವಿಗೆ ಬಾ. ಕೊನೆಯ ಸಾಲಿನಲ್ಲಿ ನಿಜವಾದ ಕೆಲಸ: 40ರಿಂದ 70ಕ್ಕೆ ಹೋಗು, ಹೋಗುತ್ತಾ 1 ಮಿಲಿಮೀಟರ್ ಎಳೆ ಒಳಗೆ ದಬ್ಬು. ಹೋದ ದೂರ 30, ದಬ್ಬಿದ್ದು 1. ಈಗ ತಾನೇ ಹಾಕಿದ ಲೆಕ್ಕವೇ ಇಲ್ಲಿ ಕೂತಿದೆ. ವೇಗ ನಿಮಿಷಕ್ಕೆ 1200 ಮಿಲಿಮೀಟರ್, ಸೆಕೆಂಡಿಗೆ 20. ಮೊದಲ ಪದರವಾದ್ದರಿಂದ ನಿಧಾನ. ಮುಂದಿನ ಪದರಗಳಿಗೆ 50ಕ್ಕೆ ಏರಿಸಬಹುದು. ಇಂಥ ಸಾವಿರಾರು ಸಾಲು ಸೇರಿದರೆ ಒಂದು ಕೊಕ್ಕೆ. ಯಂತ್ರಕ್ಕೆ ಕೊಕ್ಕೆ ಅಂದರೆ ಏನೆಂದೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಇಲ್ಲಿಂದ ಅಲ್ಲಿಗೆ, ಇಷ್ಟು ದಬ್ಬು ಅನ್ನುವುದು ಮಾತ್ರ.

ಒಂದು ಪದರ ಮುಗಿದ ಮೇಲೆ ನಾಜಲ್ 0.2 ಮಿಲಿಮೀಟರ್ ಮೇಲೇರಬೇಕು. ನಮ್ಮಂಥ ಯಂತ್ರದ ಕೆಲಸದವರಿಗೆ ಖುಷಿ ಕೊಡುವ ಭಾಗ ಇದು. ಸಾಮಾನ್ಯವಾಗಿ ಈ ಪ್ರಿಂಟರುಗಳ ನಿಲುವು ಸ್ಕ್ರೂ ಒಂದು ಸುತ್ತು ತಿರುಗಿದರೆ 8 ಮಿಲಿಮೀಟರ್ ಏರುತ್ತದೆ. ಅದನ್ನು ತಿರುಗಿಸುವ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಯಾಗಿ ಒಡೆಯುತ್ತದೆ. ಹಾಗಾದರೆ ಒಂದು ಹೆಜ್ಜೆಗೆ 0.04 ಮಿಲಿಮೀಟರ್, ಐದು ಹೆಜ್ಜೆ ಇಟ್ಟರೆ ಒಂದು ಪದರ. ಪದರದ ಎತ್ತರವನ್ನು 0.12, 0.16, 0.2, 0.28 ಅಂತ ಆರಿಸುವುದು ಇದಕ್ಕೇ: ಎಲ್ಲವೂ 0.04ರ ಮಗ್ಗಿಯಲ್ಲಿ ಬರುತ್ತವೆ. ಸೈಕಲ್ ಅಂಗಡಿಯವರೋ ಪಂಪ್‌ಸೆಟ್ ರಿಪೇರಿಯವರೋ ಮುಂದೆ ನಿಂತಿದ್ದರೆ ಸ್ಕ್ರೂ ತೋರಿಸಿ ಇದನ್ನು ಹೇಳಿ, ಮಿಕ್ಕವರಿಗೆ ಬೇಡ.

ಈಗ ಕೊಕ್ಕೆಯನ್ನು ಬೆಡ್ ಮೇಲೆ ಮಲಗಿಸಿ ಪ್ರಿಂಟ್ ಮಾಡೋಣ. ದಪ್ಪ 5 ಮಿಲಿಮೀಟರ್, ಅಂದರೆ 25 ಪದರ. ಒಂದೊಂದು ಪದರದಲ್ಲೂ ಕೊಕ್ಕೆಯ ಪೂರ್ತಿ ಆಕಾರ ಬರುತ್ತದೆ. ಎರಡು ಮೀಟರ್ ಗೆರೆ, ಸುಮಾರು 40 ಸೆಕೆಂಡು. ಲೆಕ್ಕಕ್ಕೆ ಎಲ್ಲ ಸೇರಿ 18 ನಿಮಿಷ. ಮೂಲೆಗಳಲ್ಲಿ ನಿಧಾನವಾಗುವುದು, ಮೊದಲು ಕಾಯುವುದು ಸೇರಿಸಿದರೆ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ. ಇದರಲ್ಲಿ ಅಂಚಿನ ಗೆರೆಗಳು ಮೇಲಿನ ಮೊಳೆ ತೂತಿನಿಂದ ಇಳಿದು, ಬಾಗನ್ನು ಸುತ್ತಿ, ಕೊಕ್ಕೆಯ ತುದಿಯ ತನಕ ಎಲ್ಲೂ ಕಡಿಯದೆ ಹೋಗುತ್ತವೆ. ಬಕೆಟ್ ಕೆಳಕ್ಕೆ ಎಳೆದಾಗ ಆ ಎಳೆತ ಗೆರೆಯ ಉದ್ದಕ್ಕೂ ಬೀಳುತ್ತದೆ.

ಇನ್ನು ನಿಲ್ಲಿಸಿದ ಕೊಕ್ಕೆ. ಎತ್ತರ 60 ಮಿಲಿಮೀಟರ್, ಅಂದರೆ 300 ಪದರ. ಮಾಲು ಅಷ್ಟೇ 5 ಗ್ರಾಂ. ಆದರೆ ಉದ್ದನೆಯ ಕಾಂಡದ ಕಡೆ ಒಂದು ಪದರ ಅಂದರೆ 10ಕ್ಕೆ 5ರ ಚಿಕ್ಕ ಚೌಕಟ್ಟು ಅಷ್ಟೇ. ಅದು ಎರಡೂವರೆ ಸೆಕೆಂಡಿನಲ್ಲಿ ಮುಗಿದುಬಿಡುತ್ತದೆ. ಕೆಳಗಿನ ಪದರ ಇನ್ನೂ ಮೆತ್ತಗಿರುವಾಗಲೇ ಮೇಲೆ ಇನ್ನೊಂದು ಬಿಸಿ ಪದರ ಬಿದ್ದರೆ ಕಾಂಡ ಕುಸಿದು ಸೊಟ್ಟಗಾಗುತ್ತದೆ. ಅದಕ್ಕೆ ಸ್ಲೈಸರ್ ತಾನೇ ವೇಗ ಇಳಿಸಿ ಒಂದೊಂದು ಪದರಕ್ಕೂ ಏಳೆಂಟು ಸೆಕೆಂಡು ಕೊಡುತ್ತದೆ. ಹಾಗಾಗಿ ಅದೇ ಕೊಕ್ಕೆಗೆ ಮುಕ್ಕಾಲು ಗಂಟೆ ಬೇಕು. ಎರಡು ಕೊಕ್ಕೆಯನ್ನು ಒಟ್ಟಿಗೆ ಇಟ್ಟರೆ ಒಂದರ ಮೇಲೆ ನಾಜಲ್ ಇದ್ದಾಗ ಇನ್ನೊಂದು ತಣಿಯುತ್ತದೆ, ಕೆಲಸ ಸರಾಗ.

ನಿಲ್ಲಿಸಿದ್ದರಲ್ಲಿ ಇನ್ನೊಂದು ತಾಪತ್ರಯ ಉಂಟು. ಕೊಕ್ಕೆಯ ಬಾಗು ಕೆಳಗಿದ್ದರೆ ಬೆಡ್‌ಗೆ ತಾಗುವುದು ಅದರ ಹೊಟ್ಟೆಯ ಒಂದು ಸಣ್ಣ ಗೆರೆ ಮಾತ್ರ. ಅಲ್ಲಿಂದ ಎರಡೂ ಕಡೆ ಪದರಗಳು ಹೊರಕ್ಕೆ ಚಾಚುತ್ತಾ ಏರಬೇಕು. 45 ಡಿಗ್ರಿ ಓರೆಯಲ್ಲಿ ಏರಿದರೆ ಪ್ರತಿ ಪದರ ಕೆಳಗಿನದ್ದಕ್ಕಿಂತ 0.2 ಮಿಲಿಮೀಟರ್ ಹೊರಗೆ ಬರುತ್ತದೆ. ಗೆರೆಯ ಅಗಲ 0.4 ಆದ್ದರಿಂದ ಅರ್ಧ ಭಾಗ ಕೆಳಗಿನದ್ದರ ಮೇಲೆ ಕೂತಿರುತ್ತದೆ. ಅಷ್ಟು ಆಸರೆ ಸಾಕು. ಅದಕ್ಕಿಂತ ಹೆಚ್ಚು ಚಾಚಿದರೆ ಗೆರೆ ಗಾಳಿಯಲ್ಲಿ ಇಳಿಬಿದ್ದು ಜೋತಾಡುತ್ತದೆ. ಗಾಳಿಯ ಮೇಲೆ ಪ್ರಿಂಟ್ ಆಗುವುದಿಲ್ಲ. ಆಗ ಸ್ಲೈಸರ್ ಕೆಳಗಿನಿಂದ ಊರುಗೋಲಿನ ಜಾಲರಿ ಕಟ್ಟುತ್ತದೆ, ಸಪೋರ್ಟ್ ಅನ್ನುವುದು ಅದನ್ನೇ. ಮುಗಿದ ಮೇಲೆ ಮುರಿದು ತೆಗೆಯಬೇಕು. ತೆಗೆದ ಜಾಗ ಒರಟಾಗಿರುತ್ತದೆ. ಮುರಿದ ಸಪೋರ್ಟನ್ನು ಎಸೆಯದೆ ಕೊಕ್ಕೆಯ ಪಕ್ಕದಲ್ಲೇ ಇಡಿ. ಪ್ರಿಂಟರಿಗೆ ತುರಿಯೇ ಇಲ್ಲ, ಒಂಚೂರೂ ದಂಡವಿಲ್ಲ ಎಂದು ಕೆಲವರು ಹೇಳುತ್ತಾರಲ್ಲ, ಅದನ್ನು ನೋಡಿದವರಿಗೆ ಆ ಮಾತು ಎಷ್ಟು ನಿಜ ಅಂತ ತಿಳಿಯುತ್ತದೆ.

ಈಗ ಬಕೆಟ್. ಒಂದು ಗಟ್ಟಿ ಬೆಂಚಿನ ಅಂಚಿಗೆ ಮೊಳೆ ಹೊಡೆದು ಕೊಕ್ಕೆ ಸಿಕ್ಕಿಸಿ. ಖಾಲಿ ಬಕೆಟ್ ತೂಗುಹಾಕಿ, ನೆಲಕ್ಕೆ ಒಂದು ಗೇಣಿಗಿಂತ ಎತ್ತರ ಬೇಡ. ಕೆಳಗೆ ಗೋಣಿಚೀಲ ಹಾಸಿ. ಮರಳನ್ನು ಲೋಟದಲ್ಲಿ ಸುರಿಯುತ್ತಾ ಹೋಗಿ. ಈ ಅಳತೆಯ ಕೊಕ್ಕೆಗೆ ನಾನು ಲೆಕ್ಕ ಹಾಕಿದ ಹಾಗೆ ನಿಲ್ಲಿಸಿದ್ದು ಹತ್ತು ಹನ್ನೆರಡು ಕಿಲೋ ಸುತ್ತಮುತ್ತ ಕೈಕೊಡಬೇಕು, ಮಲಗಿಸಿದ್ದು ಅದರ ಎರಡರಷ್ಟರ ಹತ್ತಿರಕ್ಕೆ ಹೋಗಬೇಕು. ಇದು ಲೆಕ್ಕ ಅಷ್ಟೇ. ನಿಮ್ಮ ಯಂತ್ರ, ನಿಮ್ಮ ಫಿಲಮೆಂಟ್, ನಿಮ್ಮ ನಾಜಲಿನ ಬಿಸಿ ಹೇಗೋ ಹಾಗೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಮೇಳಕ್ಕೆ ಮುಂಚೆ ಶಾಲೆಯಲ್ಲೇ ಐದಾರು ಜೋಡಿ ಮುರಿದು ನೋಡಿ, ಬಂದ ತೂಕಗಳನ್ನೆಲ್ಲ ಬರೆದು ಹಾಕಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವುದು ಬೇಡ.

ಮುರಿದ ಮೇಲೆ ಮುರಿದ ಜಾಗ ನೋಡುವುದು ಮುಖ್ಯ. ನಿಲ್ಲಿಸಿದ ಕೊಕ್ಕೆ ಬಹುಮಟ್ಟಿಗೆ ಬಾಗಿನ ಸ್ವಲ್ಪ ಮೇಲೆ, ನೇರ ಕಾಂಡ ಶುರುವಾಗುವ ಕಡೆ ಮುರಿಯುತ್ತದೆ. ಭಾರ ಮುಂದಕ್ಕೆ ಬಗ್ಗಿಸಲು ಎಳೆಯುವುದರಿಂದ ಕಾಂಡದ ಒಳಮೈಯಲ್ಲಿ ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳಲು ನೋಡುತ್ತವೆ. ಮುರಿದ ಮೈ ಚಪ್ಪಟೆ, ಚಾಕುವಿನಲ್ಲಿ ಕೊಯ್ದ ಹಾಗೆ ನುಣುಪು. ಭೂತಗನ್ನಡಿ ಹಿಡಿದರೆ ಆ ಪದರದ ಓರೆ ಗೆರೆಗಳೇ ಕಾಣುತ್ತವೆ. ಮಲಗಿಸಿದ ಕೊಕ್ಕೆ ಮುರಿದರೆ ಮೈ ಚೂರುಚೂರಾಗಿ ಹರಿದಿರುತ್ತದೆ. ನುಣುಪಾಗಿ ಮುರಿದಿದ್ದರೆ ಪ್ಲಾಸ್ಟಿಕ್ ಮುರಿದದ್ದಲ್ಲ, ಅಂಟು ಬಿಟ್ಟಿದೆ ಎಂದು ತಿಳಿಯಿರಿ.

ಅಂಟು ಯಾಕೆ ದುರ್ಬಲ? ನಾಜಲಿನಿಂದ ಬಂದ ಗೆರೆ 200 ಡಿಗ್ರಿ ಬಿಸಿ, ನಿಜ. ಆದರೆ ಅದು ಬೀಳುವ ಕೆಳಗಿನ ಪದರ ಆಗಲೇ ತಣಿದು ಗಟ್ಟಿಯಾಗಿದೆ. ಪಿಎಲ್‌ಎ ಸುಮಾರು 60 ಡಿಗ್ರಿಗಿಂತ ಮೇಲೆ ಮೆತ್ತಗಾಗುತ್ತದೆ, ಕೆಳಗೆ ಗಟ್ಟಿ. ಹೊಸ ಗೆರೆ ಬಿದ್ದ ಕ್ಷಣ ತಾಗಿದ ಮೈ ಮಾತ್ರ ಕರಗುತ್ತದೆ, ಫ್ಯಾನಿನ ಗಾಳಿಗೆ ಮತ್ತೆ ತಣಿಯುತ್ತದೆ. ಪ್ಲಾಸ್ಟಿಕ್ಕಿನ ಅಣುಗಳು ಉದ್ದುದ್ದ ಸರಪಳಿಗಳು. ಎರಡು ಪದರದ ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳಬೇಕಾದರೆ ಬಿಸಿಯೂ ಬೇಕು, ಹೊತ್ತೂ ಬೇಕು. ಹೊತ್ತು ಸಾಲದೆ ಹೆಣಿಗೆ ಅರೆಬರೆ ಆಗುತ್ತದೆ. ನಾಜಲಿನ ಬಿಸಿ ಹತ್ತು ಡಿಗ್ರಿ ಏರಿಸಿ, ಫ್ಯಾನ್ ಕಡಿಮೆ ಮಾಡಿ, ಅಂಟು ಸುಧಾರಿಸುತ್ತದೆ. ಜತೆಗೆ ಅಂಚು ಇಳಿಬೀಳುವುದೂ ಹೆಚ್ಚುತ್ತದೆ. ಇಲ್ಲಿ ಗಿಟ್ಟಿಸಿದ್ದನ್ನು ಅಲ್ಲಿ ಕಳೆಯುವ ವ್ಯವಹಾರ. ಬುದ್ಧಿವಂತ ಬಿಸಿಯ ಜತೆ ಹೆಚ್ಚು ಗುದ್ದಾಡದೆ ಕೊಕ್ಕೆಯನ್ನು ಮಲಗಿಸುತ್ತಾನೆ.

ಹೀಗೆ ಎಳೆ ಕರಗಿಸಿ ಕಟ್ಟುವ ವಿಧಾನಕ್ಕೆ 1989ರಲ್ಲಿ ಪೇಟೆಂಟ್ ಅರ್ಜಿ ಹಾಕಿದವನು ಅಮೆರಿಕದ ಸ್ಕಾಟ್ ಕ್ರಂಪ್. ಅದಕ್ಕೂ ಮುಂಚೆ ಚಕ್ ಹಲ್ ಎಂಬಾತ ದ್ರವವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿ ಮಾಡುವ ಯಂತ್ರ ಮಾಡಿದ್ದ. ಕ್ರಂಪ್‌ನ ಪೇಟೆಂಟ್ 2009ರಲ್ಲಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಮಾಡಬಹುದಾಯಿತು, ಬೆಲೆ ಬಿತ್ತು, ಯಂತ್ರ ಹಳ್ಳಿ ಶಾಲೆಯ ಬಾಗಿಲಿಗೂ ಬಂತು. ಚರಿತ್ರೆ ಇಷ್ಟು ಸಾಕು.

ದೊಡ್ಡವರು ಖಂಡಿತ ಕೇಳುತ್ತಾರೆ: ಇದರಲ್ಲಿ ಮನೆ ಕಟ್ಟಬಹುದಾ? ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನ ಅಂಚೆ ಕಚೇರಿ ಹೇಳಿ. 1021 ಚದರಡಿ, ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಮದ್ರಾಸ್ ಐಐಟಿಯ ನೆರವಿನಿಂದ ಕಟ್ಟಿತು, 18 ಆಗಸ್ಟ್ 2023ರಂದು ಉದ್ಘಾಟನೆಯಾಯಿತು. ಹೋಗಿ ನೋಡಬಹುದು. ಅಲ್ಲಿ ಪ್ಲಾಸ್ಟಿಕ್ ಬದಲು ಕಾಂಕ್ರೀಟ್, ಗೆರೆ ಅಂಗೈ ದಪ್ಪದ ಲೆಕ್ಕದಲ್ಲಿ. ತೊಂದರೆ ಮಾತ್ರ ನಮ್ಮ ಕೊಕ್ಕೆಯದೇ, ಸ್ವಲ್ಪ ತಿರುಗಿಸಿದ ರೂಪದಲ್ಲಿ. ಕೆಳಗಿನ ಪದರ ಇನ್ನೂ ಹಸಿಯಿದ್ದರೆ ಮೇಲಿನ ಭಾರಕ್ಕೆ ಉಬ್ಬಿ ಕುಸಿಯುತ್ತದೆ. ಪೂರ್ತಿ ಒಣಗಿ ಹೋಗಿದ್ದರೆ ಮೇಲಿನದ್ದು ಹಿಡಿಯುವುದಿಲ್ಲ, ನಡುವೆ ಬಿರುಕಿನ ಜಾಗ ಉಳಿಯುತ್ತದೆ. ಗಟ್ಟಿಯಾಗುವುದಕ್ಕೆ ಮುಂಚೆ, ಭಾರ ತಾಳುವಷ್ಟಾದ ಮೇಲೆ, ಆ ನಡುವಿನ ಹೊತ್ತಿನಲ್ಲೇ ಮುಂದಿನ ಪದರ ಬೀಳಬೇಕು. ಅದಕ್ಕೇ ಬೇಗ ಬಿಗಿಯುವ ಹಾಗೆ ಮಿಶ್ರಣದಲ್ಲಿ ರಸಾಯನ ಸೇರಿಸುತ್ತಾರೆ.

ರಾಕೆಟ್ ಬೇಕೇ ಬೇಕು ಅಂತ ನೀವು ಹಟ ಮಾಡುವುದು ಗೊತ್ತು. ನಮ್ಮ ಎಚ್‌ಎಂಟಿ ಜಾಗವೇ ಇಸ್ರೋ ಕೈಗೆ ಹೋಗಿರುವಾಗ ಬೇಡ ಅನ್ನಲಿ ಹೇಗೆ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನನ್ನು ಪ್ರಿಂಟ್ ಮಾಡಿ, 9 ಮೇ 2024ರಂದು ಇಸ್ರೋ 665 ಸೆಕೆಂಡು ಉರಿಸಿ ನೋಡಿತು. ಮಾಡಿಕೊಟ್ಟದ್ದು ವಿಪ್ರೊ ತ್ರಿಡಿ. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಜಾಗವನ್ನು ಮಾತ್ರ ಲೇಸರಿನಿಂದ ಕರಗಿಸಿ, ಮತ್ತೆ ಪುಡಿ ಹರಡುವುದು ಆ ವಿಧಾನ. ಹಿಂದೆ 14 ಬಿಡಿಭಾಗ ಇದ್ದದ್ದು ಒಂದೇ ತುಂಡಾಯಿತು, 19 ಬೆಸುಗೆ ತಪ್ಪಿತು. 565 ಕಿಲೋ ಲೋಹ ತಂದು ಕೊರೆಯುತ್ತಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು. ಜೀವಮಾನವೆಲ್ಲ ತುರಿ ಗುಡಿಸಿದ ನನಗೆ ಈ ಅಂಕಿ ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಲೇಸರ್ ಮೇಲಿನ ಪುಡಿಯ ಜತೆ ಕೆಳಗಿನ ಪದರವನ್ನೂ ಒಂದಿಷ್ಟು ಆಳದವರೆಗೆ ಮತ್ತೆ ಕರಗಿಸುತ್ತದೆ. ಆದ್ದರಿಂದ ಅಲ್ಲಿ ಪದರಗಳ ಹಿಡಿತ ನಮ್ಮ ಕೊಕ್ಕೆಯದ್ದಕ್ಕಿಂತ ಬಹಳ ಮೇಲು.

ಮೇಳದ ದಿನ ಏನೇನು ಕೆಡಬಹುದು ಅಂತಲೂ ತಿಳಿದಿರಲಿ. ಮೊದಲ ಪದರವನ್ನು ಬಗ್ಗಿ ನೋಡದೆ ಯಾರ ಜತೆಗೂ ಮಾತಿಗೆ ನಿಲ್ಲಬೇಡಿ. ನಾಜಲ್ ಎತ್ತರವಾಗಿದ್ದರೆ ಗೆರೆಗಳು ದುಂಡಗೆ, ಬಿಡಿಬಿಡಿಯಾಗಿ ಬಿದ್ದು ಉಗುರಿಗೇ ಎದ್ದು ಬರುತ್ತವೆ. ತೀರಾ ತಗ್ಗಿದ್ದರೆ ಪದರ ಆಚೆ ಕಾಣುವಷ್ಟು ತೆಳ್ಳಗಾಗುತ್ತದೆ, ಎಳೆ ದಬ್ಬುವ ಚಕ್ರ ಜಾರಿ ಟಕ್ ಟಕ್ ಅನ್ನುತ್ತದೆ. ಸರಿಯಿದ್ದಾಗ ಗೆರೆಗಳು ಸ್ವಲ್ಪ ಚಪ್ಪಟೆಯಾಗಿ ಒಂದಕ್ಕೊಂದು ಕೂಡಿ ಒಂದೇ ಹಾಳೆಯಂತೆ ಕಾಣುತ್ತವೆ. ಮಲಗಿಸಿದ ಕೊಕ್ಕೆಯ ಮೂಲೆ ಮೇಲೇಳುತ್ತಿದ್ದರೆ ಬೆಡ್ ಬಿಸಿ ಸಾಲದು, ಇಲ್ಲವೇ ಕೈ ಜಿಡ್ಡು ತಾಗಿದೆ. ಒರೆಸಿ ಮತ್ತೆ ಶುರು ಮಾಡಿ. ನಾಜಲಿನಿಂದ ಚಟಪಟ ಸದ್ದು, ಕೂದಲಿನಂಥ ಎಳೆಗಳು ಬಂದರೆ ಫಿಲಮೆಂಟ್ ಶೀತ ಹಿಡಿದಿದೆ. ಮಳೆಗಾಲದಲ್ಲಿ ಸುರುಳಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಕರೆಂಟು. ಹತ್ತನೇ ಪದರದಲ್ಲಿ ಹೋಯಿತೆನ್ನಿ. ಕೆಲವು ಯಂತ್ರ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತವೆ. ಆದರೆ ಅಷ್ಟರಲ್ಲಿ ಬೆಡ್ ತಣಿದು ಕೊಕ್ಕೆ ತಳ ಬಿಟ್ಟಿರಬಹುದು, ಬಿಡದಿದ್ದರೂ ಆ ಜಾಗದ ಅಂಟು ಮಿಕ್ಕ ಎಲ್ಲಕ್ಕಿಂತ ಕಡಿಮೆ. ಅಂಥ ಕೊಕ್ಕೆಯನ್ನು ಭಾರಕ್ಕೆ ಹಾಕಬೇಡಿ. ಯುಪಿಎಸ್ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಮುಂಚೆಯೇ ಮಾಡಿದ ಕೊಕ್ಕೆಗಳನ್ನು ತಂದು, ಯಂತ್ರವನ್ನು ತೋರಿಸಲು ಮಾತ್ರ ಓಡಿಸಿ. ಯಂತ್ರದ ಸುತ್ತ ಹಗ್ಗ ಕಟ್ಟಿ. ನಾಜಲಿನ 200 ಡಿಗ್ರಿ ಅಂದರೆ ಮುಟ್ಟಿದ ಬೆರಳಿಗೆ ಬೊಬ್ಬೆ ಖಾತ್ರಿ, ಸಣ್ಣ ಮಕ್ಕಳು ಮೊದಲು ಕೈ ಹಾಕುವುದೇ ಅಲ್ಲಿಗೆ.

ಯಾರಾದರೂ ಇಂಥ ಕೊಕ್ಕೆ ಒಂದು ಮಾಡಿಕೊಡಿ ಅಂದರೆ ಎಲ್ಲಿ ಹಾಕುತ್ತೀರಿ ಅಂತ ಮೊದಲು ಕೇಳಿ. ಚೈತ್ರ ವೈಶಾಖದಲ್ಲಿ ತಗಡಿನ ಸೂರಿನ ಅಡಿಗೆ, ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಪಿಎಲ್‌ಎ ಅಲ್ಲಿ ಮೆಲ್ಲಗೆ ಬಗ್ಗುತ್ತದೆ. ಒಲೆಯ ಪಕ್ಕಕ್ಕೂ ಬೇಡ, ತಲೆಯ ಮೇಲೆ ಭಾರ ತೂಗುವ ಜಾಗಕ್ಕೂ ಬೇಡ, ತೊಟ್ಟಿಲಿಗಂತೂ ಬೇಡವೇ ಬೇಡ. ಟವೆಲು, ಕೀಲಿಕೈ, ಶಾಲೆ ಚೀಲ ನೇತುಹಾಕಲು ಕೊಡಿ.

ಕೊನೆಗೆ ಒಂದು ಕೆಲಸ. ಪಿಎಲ್‌ಎ ಜೋಳದ ಪಿಷ್ಟದಿಂದ, ಕಬ್ಬಿನ ಸಕ್ಕರೆಯಿಂದ ಆಗುವಂಥದ್ದು, ಆದ್ದರಿಂದ ಮಣ್ಣಿನಲ್ಲಿ ಕೊಳೆಯುತ್ತದೆ ಅಂತ ನಿಮ್ಮ ಕಾಗದದಲ್ಲಿದೆ. ಆ ಸಾಲನ್ನು ಹೊಡೆದು ಹಾಕಿ. ಕಾರ್ಖಾನೆಯ ಗೊಬ್ಬರ ಘಟಕದಲ್ಲಿ 60 ಡಿಗ್ರಿ ಸುತ್ತಮುತ್ತಲ ಬಿಸಿಯನ್ನು ವಾರಗಟ್ಟಲೆ ಇಟ್ಟರೆ ಅದು ಕರಗುತ್ತದೆ; ನಮ್ಮ ತಿಪ್ಪೆಯಲ್ಲಿ, ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಮೇಳ ಮುಗಿದ ಮೇಲೆ ಮುರಿದ ಕೊಕ್ಕೆ, ಸಪೋರ್ಟಿನ ಚೂರು, ಕೆಟ್ಟ ಪದರ ಎಲ್ಲವನ್ನೂ ಮೈದಾನದಿಂದ ಆರಿಸಿ ಒಂದು ಚೀಲಕ್ಕೆ ತುಂಬಿ ಶಾಲೆಗೆ ವಾಪಸ್ ತನ್ನಿ. ದನ ಮೇಯುವ ಜಾಗ ಅದು.